ತಳದ ನೂರೈವತ್ತನಾಲ್ಕು

ಚಿತ್ತವಾಡ್ಗಿಯ ಮನೆಯಲ್ಲಿ ನಾನು ಪಕ್ಕದಲ್ಲೇ ಪೆನ್ಸಿಲ್ ಹಿಡಿದು ಕೂತಿದ್ದರೂ, ಹತ್ತನೇ ತರಗತಿಯ ಮಗಳು ಲೆಕ್ಕದ ಚಿತ್ರದ ಫೋಟೊ ತೆಗೆದು ಸಂಡೂರಿನ ನನ್ನ ತಂಗಿಗೆ ಕಳಿಸಿದಳು. ಸಿಲಿಂಡರಿನ ಮೇಲೆ ಅರ್ಧಗೋಳ. ತ್ರಿಜ್ಯ ಏಳು ಸೆಂ.ಮೀ., ಒಟ್ಟು ಎತ್ತರ ಇಪ್ಪತ್ತು. ತಂಗಿ ಬಿಡಿಸಿ ಕಳಿಸಿದ ಉತ್ತರದಲ್ಲಿ ಅರ್ಧಗೋಳದ ಏಳು ಕಳೆದು ಸಿಲಿಂಡರಿಗೆ ಹದಿಮೂರು ಹಿಡಿದಿದ್ದಳು. ಘನಫಲ ಸರಿಯಿತ್ತು. ನನಗೆ ಬೇಸರವಾಯಿತು. ಮೇಲ್ಮೈ ವಿಸ್ತೀರ್ಣಕ್ಕೆ ಮಾತ್ರ ಸಿಲಿಂಡರಿನ ಸುತ್ತಿನ 572, ಅರ್ಧಗೋಳದ 308 ಕೂಡಿಸಿ 880 ಚದರ ಸೆಂ.ಮೀ. ಎಂದು ಬರೆದಿದ್ದಳು. ಚಿತ್ರದ ಕೆಳಗಿದ್ದ ‘ತಳವೂ ಸೇರಿ’ ಎಂಬ ಸಾಲು ಫೋಟೊದಲ್ಲಿ ಬಂದಿರಲಿಲ್ಲ.

“ತಳದ 154 ಬಿಟ್ಟಾಳ. 1034 ಆಗ್ಬೇಕು,” ಎಂದೆ. ಖುಷಿ ಮುಚ್ಚಿಡಲಾಗಲಿಲ್ಲ.

“ತಡೀಪಾ, ಅತ್ತೀನ್ನ ಕೇಳ್ತೀನಿ,” ಎಂದ ಮಗಳು ಪೂರ್ತಿ ಫೋಟೊ ಕಳಿಸಿದಳು.

“ನಿಮ್ಮಪ್ಪ ಹೇಳಿದ್ದು ಖರೆ ಐತಿ,” ಎಂದು ತಂಗಿಯ ಧ್ವನಿಸಂದೇಶ ಬಂತು.

ಅದನ್ನು ಕೇಳಿದ ಮೇಲಷ್ಟೇ ಮಗಳು ನನ್ನ ಉತ್ತರ ಬರೆದುಕೊಂಡಳು.