ಹಂಪಮ್ಮ ನೋಡಿದ ಎರಡನೇ ತಲಿ ಚಿತ್ರ

ಹುಣಸಗಿ ಕಾಲುವಿ ಬಾಜೂಕ ಹಂಪಮ್ಮನ ಹೊಲ. ಭತ್ತದ ಮಡಿಗೆ ನೀರು ತಿರುವೋದ್ರಾಗ ಆಕಿ ಕೈ ಗಂಡಸರಕಿಂತ ಚುರುಕು. ಗಂಡ ಅಮರಪ್ಪ ಹೋದ ಮ್ಯಾಲ ಒಬ್ಬಾಕೀನ ಎಲ್ಲಾ ಮಾಡ್ತಿದ್ದಳು. ಮಾತು ಕಮ್ಮಿ. ಮನ್ಯಾಗ ನಗು ಅಂದ್ರ ತಮ್ಮ ಬೀರಣ್ಣಂದು. ಅವ್ವ ಸತ್ತಾಗ ಅವ ಇನ್ನೂ ಹಾಲು ಕುಡಿಯೋ ಕೂಸು. ಸಾಕಿದಾಕಿ ಹಂಪಮ್ಮ.

ಅಮರಪ್ಪ ಟ್ರ್ಯಾಕ್ಟರ್ ಮ್ಯಾಲಿಂದ ಬಿದ್ದಿದ್ದ. ತಲಿಯೊಳಗ ರಕ್ತ ಕೂತಿತ್ತು. ಆಪರೇಶನ್ ಮಾಡಿದರೂ ಕಣ್ಣು ತೆರೀಲಿಲ್ಲ. ತಲಿ ಕೊಯ್ದಿದ್ದಕ್ಕೇ ಹೋದ ಅಂತ ಆಕಿ ಮನಸಿನ್ಯಾಗ ಕೂತುಬಿಟ್ಟಿತ್ತು.

ಒಂದಿನ ಮುಂಜಾನಿ ಬೀರಣ್ಣ ಬೈಕಿನಿಂದ ಬಿದ್ದ. ಕಿವಿ ಮ್ಯಾಲ ಪೆಟ್ಟು. ಸ್ವಲ್ಪ ಹೊತ್ತು ಎಚ್ಚರ ತಪ್ಪಿ, ಆಮ್ಯಾಲ ಎದ್ದು ನಕ್ಕ. ಆದರ ವಾಂತಿ ನಿಲ್ಲಲಿಲ್ಲ. ಸುರಪುರ ದವಾಖಾನಿಯವರು ಯಾದಗಿರಿಗೆ ಕಳಿಸಿದರು, ಅಲ್ಲಿ ತಲಿ ಸ್ಕ್ಯಾನ್ ಆತು.

ಅಲ್ಲಿನ ಡಾಕ್ಟರ್ ಖುರ್ಷೀದಬೇಗಂ ಹಂಪಮ್ಮನ್ನ ಸ್ಕ್ಯಾನ್ ಚಿತ್ರದ ಮುಂದ ಕರೆದಳು.

"ಅವ್ವಾ, ಈಗಿಂದೀಗ ಕಲಬುರಗಿಗೆ ಒಯ್ಯಬೇಕು. ತಲಿ ಆಪರೇಶನ್ ಆಗಬೇಕು."

"ಬ್ಯಾಡ್ರಿ. ಮಾತಾಡಾಕತ್ತಾನಲ್ಲ. ಮನಿಗೆ ಒಯ್ತೀನಿ."

"ಮನ್ಯಾಗ ಅಕ್ಕನ ಸಾರು ಉಂಡ್ರ ಹೆಂಗೂ ಸಾಯ್ತೀನ್ರಿ," ಅಂದ ಬೀರಣ್ಣ ಮಂಚದ ಮ್ಯಾಲಿಂದ.

"ಸುಮ್ಮನಿರೋ ಭಾಡ್ಯಾ."

ಹಂಪಮ್ಮ ಡಾಕ್ಟರಿಗೆ ಗಂಡನ ಕಥಿ ಹೇಳಿದಳು. "ಅವರ ಚಿತ್ರಾನೂ ನೋಡೀನ್ರಿ. ಬುರುಡಿ ಗುಂಟ ಬೆಳ್ಳಗ ಕುಡಗೋಲಿನಂಗ ಇತ್ತು. ಇದೂ ಬೆಳ್ಳಗೇ ಅದ."

"ಬೆಳ್ಳಗಿದ್ದದ್ದು ಹೊಸ ರಕ್ತ. ಆಕಾರ ನೋಡ್ರಿ. ಇದು ಎರಡೂ ಕಡಿ ಉಬ್ಬೇದ, ಚನ್ನಂಗಿ ಕಾಳಿನಂಗ. ಬುರುಡಿಗೂ ಮಿದುಳಿನ ಮ್ಯಾಲಿನ ಗಟ್ಟಿ ಪೊರಿಗೂ ನಡುವ ಕೂತದ. ಬುರುಡಿ ಎಲುಬು ಕೂಡೋ ಕಡಿ ಪೊರಿ ಬಿಗಿಯಾಗಿ ಅಂಟಿರ್ತದ. ರಕ್ತಕ್ಕ ಹರಡಾಕ ಜಾಗಿಲ್ಲ, ಒಳಗ ಉಬ್ಬಿ ಮಿದುಳು ಒತ್ತತದ. ನಿಮ್ಮ ಯಜಮಾನರದು ಪೊರಿ ಒಳಗಿಂದು. ಅಲ್ಲಿ ಬುರುಡಿ ಗುಂಟ ಹರಡತದ, ಕುಡಗೋಲಿನಂಗ ಕಾಣ್ತದ. ಅದಕ್ಕೂ ಅವಸರಾನ. ಆದ್ರ ಅಂಥಾದ್ರಾಗ ಭಾಳ ಸರ್ತಿ ಮಿದುಳಿಗೇ ಪೆಟ್ಟಾಗಿರ್ತದ. ಆಪರೇಶನ್ ಮಾಡಿದರೂ ಎಲ್ಲಾರೂ ಉಳಿಯಂಗಿಲ್ಲ."

ಹಂಪಮ್ಮ ಚಿತ್ರ ದಿಟ್ಟಿಸಿದಳು. "ಮಡಿಯಾಗ ನೀರು ಕಟ್ಟಿದಂಗರೀ? ಬದು ಒಡೆದು ಹೊರಗ ಬಿಟ್ರ ಪೈರು ಉಳೀತದ."

"ಹಂಗ. ಇವನ ಮಿದುಳು ಇನ್ನೂ ಚಲೋ ಅದ. ತಡ ಮಾಡಿದ್ರ ಈಗ ಮಾತಾಡೋನು ಮಲಗ್ತಾನ, ಏಳಂಗಿಲ್ಲ."

ಆಕಿ ಹೊಳ್ಳಿ ನೋಡಿದಳು. ಬೀರಣ್ಣನ ಕಣ್ಣು ಮುಚ್ಚಾಕತ್ತಿದ್ದವು.

"ನಿದ್ದಿ ಬರಾಕತ್ತದ ಅಕ್ಕಾ."

"ಹೆಬ್ಬಟ್ಟು ಎಲ್ಲಿ ಒತ್ತಲಿ, ಹೇಳ್ರಿ ಲಗೂ."

ಅಂಬುಲೆನ್ಸಿನ್ಯಾಗ ಅವನ ಕೈ ಹಿಡಿದು ಕೂತಳು. ಬೈದಳು, ಕರೆದಳು, ಕೆನ್ನಿ ತಟ್ಟಿದಳು. ಕಲಬುರಗಿ ಹತ್ರ ಬರೋದ್ರಾಗ ಅವ ಓಗೊಡೋದು ಬಿಟ್ಟ. ಇಳಿಸಿಕೊಂಡು ನೆಟ್ಟಗ ಆಪರೇಶನ್ ಖೋಲಿಗೆ ಒಯ್ದರು.

ಮರುದಿನ ತಲಿಗೆ ಬಿಳಿ ಪಟ್ಟಿ ಕಟ್ಟಿಕೊಂಡ ಬೀರಣ್ಣ ಕಣ್ಣು ಬಿಟ್ಟ. ಪಟ್ಟಿ ಮ್ಯಾಲ ಕೈ ಆಡಿಸಿದ.

"ಅಕ್ಕಾ, ಕೂದಲಾ ಎಲ್ಲಾ ಬೋಳಿಸ್ಯಾರೇನು?"

"ಹೂಂ."

ವರಾಂಡಕ್ಕ ಬಂದು ಗ್ವಾಡಿಗೆ ಆನಿಕೊಂಡು ನಿಂತಳು. ಅಮರಪ್ಪನ್ನ ನೆನೆದು ಅತ್ತಳು. ಇಷ್ಟು ದಿನ ಅವನ ತಲಿ ಕೊಯ್ದವರ ಮ್ಯಾಲಿನ ಸಿಟ್ಟಿಲೆ ಅಳ್ತಿದ್ದಳು. ಇವತ್ತು ಬರೇ ಅವ ಬೇಕಾಗಿದ್ದ.