ಸತ್ತ ಮೇಲೆ ಕಾಫಿ ಕುಡಿದ ಅಂಚೆಯವ

ಅಂಚೆಯವ ಸತ್ತ. ಸತ್ತ ಬೆನ್ನಿಗೇ ಒಂದು ಬಂಡೆಯ ಮೇಲೆ ಕೂತು, ಫ್ಲಾಸ್ಕಿನ ಮುಚ್ಚಳ ತಿರುಗಿಸಿ, ಆರಾಮವಾಗಿ ಕಾಫಿ ಬಗ್ಗಿಸಿಕೊಂಡ.

ಟಾಕೀಸಿನ ಮೇಲಿನ ಕೋಣೆಯ ಸಣ್ಣ ಕಿಟಕಿಯಿಂದ ಇದನ್ನು ನೋಡಿದ ಆಪರೇಟರು ಸ್ಟೂಲಿನಿಂದ ಛಂಗನೆ ಎದ್ದರು. ನಾಲ್ಕನೆಯ ರೀಲು ಓಡಬೇಕಿದ್ದ ಕಡೆ ಐದನೆಯದನ್ನು ಓಡಿಸಿ, ಈಗ ಐದರ ಜಾಗದಲ್ಲಿ ನಾಲ್ಕನ್ನು ಓಡಿಸುತ್ತಿದ್ದರು. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಇಂಥ ಎಡವಟ್ಟು ಆಗಿರಲಿಲ್ಲ. ರೀಲಿನ ತುದಿಯಲ್ಲಿ ನಂಬರು ಬರೆದ ಖಾಲಿ ಫಿಲ್ಮಿನ ತುಂಡು ಇರುತ್ತದೆ. ಅದನ್ನು ಓದಿಯೇ ಮೆಷಿನ್ನಿಗೆ ಹಾಕುವುದು ಪದ್ಧತಿ. ಹಿಂದಿನ ಊರಿನಲ್ಲಿ ಯಾರೋ ಪುಣ್ಯಾತ್ಮರು ಆ ತುಂಡನ್ನು ಕಿತ್ತುಹಾಕಿದ್ದರು. ಇವರು ಡಬ್ಬದ ಮೇಲಿನ ನಂಬರು ನಂಬಿದರು. ಅದೇ ಪುಣ್ಯಾತ್ಮರು ಡಬ್ಬಗಳನ್ನೂ ಅದಲುಬದಲು ಮಾಡಿದ್ದರು.

ಕೆಳಗೆ ಹನ್ನೊಂದು ಜನ ಇದ್ದರು. ಈಗ ಬೈಗುಳ ಶುರುವಾಗುತ್ತದೆ ಎಂದು ಆಪರೇಟರು ಸ್ಟೂಲಿನ ಮೇಲೆ ಕುಗ್ಗಿ ಕೂತರು. ಆದರೆ ಯಾರೋ ಒಬ್ಬಳು ಹೆಂಗಸು ಬಾಯಿತುಂಬ ನಕ್ಕಳು. ಇನ್ನೊಬ್ಬರು ಚಪ್ಪಾಳೆ ತಟ್ಟಿದರು. ಸತ್ತವನಿಗೆ ಕಾಫಿ ಸಿಕ್ಕಿದ್ದಕ್ಕೆ ಹನ್ನೊಂದು ಜನರೂ ಖುಷಿಪಟ್ಟರು.

ಚಿತ್ರದ ಹೆಸರು ‘ಚಂದ್ರನ ಅಂಚೆ’. ಯಾರೂ ಇಲ್ಲದ ಚಂದ್ರನ ಮೇಲೆ ಒಬ್ಬ ಅಂಚೆಯವ ಚೀಲ ಹೊತ್ತು, ವಿಳಾಸ ಹುಡುಕುತ್ತ ಓಡಾಡುತ್ತಾನೆ. ಕಥೆ ಇಷ್ಟೇ. ಆದರೆ ಹಂಚಿಕೆದಾರರು ಪೋಸ್ಟರಿನಲ್ಲಿ ಅವನ ಕೈಗೆ ಬಂದೂಕು ಕೊಟ್ಟು, ಹಿಂದೆ ಬೆಂಕಿ ಹೊತ್ತಿಸಿದ್ದರು. ಯುದ್ಧ ನೋಡಲು ಬಂದವರಿಗೆ ಅಂಚೆ ಚೀಲ ಸಿಕ್ಕಿತು. ಅವರು ಉಗಿದುಹೋದರು. ಅಂಚೆ ಚೀಲ ಇಷ್ಟಪಡಬಹುದಾಗಿದ್ದವರು ಬಂದೂಕು ನೋಡಿ ಹತ್ತಿರವೇ ಸುಳಿಯಲಿಲ್ಲ. ಸಾಲದ್ದಕ್ಕೆ, ಭೂಮಿಯಿಂದ ಮಾತು ತಲುಪಲು ಹೊತ್ತು ಹಿಡಿಯುತ್ತದೆಂದು ನಿರ್ದೇಶಕರು ಪ್ರತಿ ಸಂಭಾಷಣೆಯ ನಂತರ ನಟನನ್ನು ನಾಲ್ಕೆಣಿಸುವವರೆಗೆ ಸುಮ್ಮನೆ ನಿಲ್ಲಿಸಿದ್ದರು. ಆಕಾಶದಲ್ಲಿ ತೇಲುವ ಭೂಮಿಯನ್ನು ಹಿಡಿದ ದಾರ ಕೊನೇ ಸಾಲಿನವರೆಗೂ ಕಾಣುತ್ತಿತ್ತು. ಮೂರೇ ದಿನಕ್ಕೆ ಚಿತ್ರ ಮಕಾಡೆ ಮಲಗಿತು. ಹಿಂದಿನ ಊರಿನಿಂದ ಇಲ್ಲಿಗೆ ಬಂದು, ಒಂದು ಆಟವೂ ಕಾಣದೆ ಬಿದ್ದ ಪ್ರಿಂಟು ವಾಪಸು ತೆಗೆದುಕೊಂಡು ಹೋಗುವ ಉತ್ಸಾಹವೂ ಯಾರಿಗೂ ಉಳಿಯಲಿಲ್ಲ.

ಟಾಕೀಸಿನ ಯಜಮಾನರಿಗೆ ಶನಿವಾರದ ಮಧ್ಯರಾತ್ರಿ ಹಾಲು ಖಾಲಿ ಇಡುವುದಕ್ಕಿಂತ ಏನಾದರೂ ಓಡಲಿ ಎನಿಸಿ, ಧೂಳು ತಿನ್ನುತ್ತಿದ್ದ ಡಬ್ಬಗಳನ್ನು ತೆಗೆಸಿದ್ದರು. ಅದೇ ಆ ರಾತ್ರಿ.

ಮುಂದಿನ ಶನಿವಾರ ರೀಲು ಸರಿಮಾಡಿಕೊಂಡೇ ಆಪರೇಟರು ಬಂದರು. ಅಷ್ಟರಲ್ಲಿ ಟಿಕೆಟ್ ಕಿಟಕಿಯಲ್ಲಿ ಕೂರುವ ಅವರ ಹೆಂಡತಿ ಮೆಟ್ಟಿಲು ಹತ್ತಿ ಬಂದು ಹೇಳಿದರು: “ರೀ, ಹೋದ ವಾರ ಬಂದಿದ್ದ ನರ್ಸಮ್ಮ ಆರು ಜನಾನ ಕಟ್ಕೊಂಡು ಬಂದಿದ್ದಾಳೆ. ‘ಸತ್ತೋನು ಎದ್ದು ಕಾಫಿ ಕುಡೀತಾನಲ್ಲ, ಅದನ್ನ ತೋರಿಸ್ಬೇಕು ಇವರಿಗೆ’ ಅಂತಾಳೆ. ಅದೇನ್ರೀ ಅದು? ನಮ್ಮ ಆಪರೇಟರ್ ಸಾಹೇಬ್ರು ಏನೋ ಕೈಚಳಕ ಮಾಡಿರ್ಬೇಕು ಅಂದ್ಕೊಂಡೆ.”

“ಕೈಚಳಕ ಏನಿಲ್ಲ ಕಣೇ. ಕೈ ಜಾರಿದ್ದು.”

“ಹಾಗಾದ್ರೆ ಇನ್ನೊಂದ್ಸಲ ಜಾರ್ಲಿ ಬಿಡಿ.”

ಜಾರಿತು. ಏಳು ವರ್ಷ, ಪ್ರತಿ ಶನಿವಾರ ಜಾರುತ್ತಲೇ ಹೋಯಿತು.

ಅದು ಬೆಳೆದ ಬಗೆಯನ್ನು ಆಪರೇಟರು ಮೇಲಿನಿಂದ, ಬೆಳಕಿನ ಕಂಬದಲ್ಲಿ ಧೂಳು ಏಳುವುದನ್ನು ನೋಡುವ ಹಾಗೆ ನೋಡಿದರು. ದಿನಕ್ಕೆ ನಾಲ್ಕು ಆಟದಂತೆ ವಾರವಿಡೀ ಓಡಿದ್ದರೆ, ಈ ಚಿತ್ರವನ್ನು ಮೆಚ್ಚಬಲ್ಲವರು ಆಟಕ್ಕೆ ಇಬ್ಬರಂತೆ ಬಂದು, ಇನ್ನೂರು ಖಾಲಿ ಕುರ್ಚಿ ನೋಡಿ, ತಮಗೇ ಏನೋ ಐಬಿದೆ ಎಂದುಕೊಂಡು ಹೋಗುತ್ತಿದ್ದರು. ವಾರಕ್ಕೊಂದೇ ಆಟ ಎಂದಾಗ ಆ ಇಬ್ಬಿಬ್ಬರೂ ಒಂದೇ ಬಾಗಿಲಿಗೆ ಬಂದರು. ಅವೇಳೆಗೆ ನಿದ್ದೆಗೆಟ್ಟು ಬರುವವರು ಹೊತ್ತು ಕಳೆಯಲು ಬರುವುದಿಲ್ಲ, ಬರಬೇಕೆಂದೇ ಬರುತ್ತಾರೆ. ಸಂಜೆ ಪಾಳಿ ಮುಗಿಸಿದ ನರ್ಸು, ಹಿಟ್ಟು ಉಬ್ಬಲು ಬಿಟ್ಟು ಬಂದ ಬೇಕರಿಯ ಅಣ್ಣತಮ್ಮಂದಿರು, ಸವಾರಿ ಸಿಗದ ಟ್ಯಾಕ್ಸಿಯವರು, ನಿದ್ದೆ ಬಾರದ ಒಬ್ಬ ಹಲ್ಲಿನ ಡಾಕ್ಟರು. ಹಗಲು ಎದುರಾದರೆ ಗುರುತಿಲ್ಲದವರು, ಶನಿವಾರ ರಾತ್ರಿ ನೆಂಟರು.

ಆ ನಾಲ್ಕೆಣಿಕೆಯ ಮೌನಗಳು ಮೊದಲ ಬಿಡುಗಡೆಯಲ್ಲಿ ಚಿತ್ರವನ್ನು ಕೊಂದಿದ್ದವು. ಮಧ್ಯರಾತ್ರಿ ಅವೇ ಖಾಲಿ ಕುರ್ಚಿಗಳಾದವು. ಪ್ರೇಕ್ಷಕರು ತಮ್ಮ ಮಾತುಗಳನ್ನು ತಂದು ಅವುಗಳಲ್ಲಿ ಕೂರಿಸಿದರು. “ಇಲ್ಲಿ ಯಾರೂ ಇಲ್ಲವೇ?” ಎಂದು ಅಂಚೆಯವ ಕೇಳಿ ಸುಮ್ಮನಾಗುತ್ತಾನೆ. ಎಷ್ಟನೆಯ ವಾರವೋ, ಹಿಂದಿನ ಸಾಲಿನಿಂದ ಡಾಕ್ಟರು ಮೆಲ್ಲಗೆ “ನಾವಿದ್ದೀವಿ” ಎಂದರು. ಮುಂದಿನ ವಾರ ಐದು ಜನ ಅಂದರು. ವರ್ಷ ಕಳೆಯುವುದರೊಳಗೆ ಇಡೀ ಹಾಲು ಅನ್ನುತ್ತಿತ್ತು. ಭೂಮಿಯ ದಾರ ಕಂಡಾಗ ಎಲ್ಲರೂ ಒಟ್ಟಿಗೆ “ಗಟ್ಟಿ ಹಿಡ್ಕೊಳ್ರಪ್ಪಾ” ಎಂದು ಕೂಗುತ್ತಿದ್ದರು. ನಕ್ಕರೂ ಅದರಲ್ಲಿ ಹೀಯಾಳಿಕೆ ಇರಲಿಲ್ಲ, ಮನೆಯ ಮಗುವಿನ ತೊದಲಿಗೆ ನಗುವ ನಗೆ ಅದು. ಅಂಚೆಯವ ಸತ್ತಾಗ ಎಲ್ಲರೂ ಅದಕ್ಕೆಂದೇ ಹಾಕಿಕೊಂಡು ಬಂದ ಟೊಪ್ಪಿಗೆ ತೆಗೆಯಬೇಕು. ಕಾಫಿ ಬಗ್ಗಿಸಿದ ಕೂಡಲೇ ತಾವು ಬರೆದು ತಂದ ಕಾಗದಗಳನ್ನು ಪರದೆಯತ್ತ ತೂರಬೇಕು. ಕಾಗದ ಮಾತ್ರ, ಪರದೆ ಕಲೆಯಾಗುವುದೂ ಹರಿಯುವುದೂ ಬೇಡವೆಂದು ಯಜಮಾನರ ಕಟ್ಟಪ್ಪಣೆ. ಹೊಸಬರ ಹಣೆಗೆ ಆಪರೇಟರ ಹೆಂಡತಿ ಬಾಗಿಲಲ್ಲೇ ಹಳೆ ಅಂಚೆಚೀಟಿ ಅಂಟಿಸುತ್ತಿದ್ದರು. ಮೂರು ವಾರ ಬಂದವರು ತಾವೇ ಹೊಸಬರನ್ನು ಕರೆತಂದು ಪಾಠ ಹೇಳುತ್ತಿದ್ದರು. ಜಾಹೀರಾತಿಗೆ ಬೇರೆ ಜನ ಬೇಕಾಗಲಿಲ್ಲ.

ಬಿಳಿ ಕಾಗದಗಳು ನೀಲಿ ಬೆಳಕಿನಲ್ಲಿ ತಿರುತಿರುಗಿ ಇಳಿಯುವುದನ್ನು ಕಂಡಾಗ ಕೆಳಗಿರುವುದೇ ಚಂದ್ರ, ತಾವೊಬ್ಬರೇ ದೂರದ ಭೂಮಿಯ ಮೇಲೆ ಉಳಿದಿದ್ದೇವೆ ಎಂದು ಆಪರೇಟರಿಗೆ ಅನಿಸುತ್ತಿತ್ತು.

ಲಾಭದ ವಾಸನೆ ಹತ್ತಿದ ಯಜಮಾನರು ಶುಕ್ರವಾರವೂ ಒಂದು ಶುರುಮಾಡೋಣ ಎಂದು ಬೇಕೆಂದೇ ಕೆಟ್ಟದಾಗಿ ತೆಗೆದ ಒಂದು ಚಿತ್ರ ತರಿಸಿದರು. ಎಲ್ಲಿ ಏನು ಕೂಗಬೇಕೆಂದು ಚೀಟಿಯನ್ನೂ ಹಂಚಿದರು. ಎರಡು ವಾರ ನೊಣ ಹೊಡೆದರು. “ಆ ಸಿನಿಮಾ ನಮ್ಮನ್ನ ನೋಡಿ ಕಣ್ಣು ಹೊಡೀತಿತ್ತು ಸಾರ್,” ಎಂದು ಹಲ್ಲಿನ ಡಾಕ್ಟರು ಮುಖ ಕಿವುಚಿದರು. “ನಮ್ಮ ಅಂಚೆಯೋನು ನಿಜವಾಗ್ಲೂ ಕಾಗದ ಕೊಡೋಕೆ ಬಂದಿದ್ದಾನೆ.”

ಈ ನಡುವೆ ಪತ್ರಿಕೆಯೊಂದರಲ್ಲಿ ವಿಮರ್ಶಕರೊಬ್ಬರು, ಸಾವಿನ ನಂತರ ಕಾಫಿಯನ್ನಿಟ್ಟ ನಿರ್ದೇಶಕರ ‘ಕಾಲಭಂಜಕ ದಿಟ್ಟತನ’ದ ಬಗ್ಗೆ ಒಂದು ಪುಟ ಬರೆದರು. ಅದನ್ನೋದಿದ ಆಪರೇಟರಿಗೆ ಎರಡು ದಿನ ಊಟ ಸೇರಲಿಲ್ಲ. ಕಾಲಭಂಜಕ ಎಂದರೆ ಏನೆಂದು ತಿಳಿಯದೆ ಅರ್ಧ, ಅದು ಕಾಲದ ಕ್ರಮ ಮುರಿಯುವುದು ಎಂದು ತಿಳಿದು ಇನ್ನರ್ಧ.

ಅದೇ ಪತ್ರಿಕೆ ನಿರ್ದೇಶಕರ ಕೈಗೂ ಸಿಕ್ಕಿತು. ಚಿತ್ರ ಸೋತ ಮೇಲೆ ಅವರು ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದರಂತೆ. ವಿಮರ್ಶಕರಿಗೆ ಕಥೆಯ ಕ್ರಮ ನೆನಪಿಲ್ಲವೆಂದುಕೊಂಡರೂ, ಈ ಶನಿವಾರ ಬರುತ್ತೇನೆ ಎಂದು ಯಜಮಾನರಿಗೆ ಬರೆದರು.

“ಈಗೇನ್ ಮಾಡ್ತೀರಿ?” ಹೆಂಡತಿ ಕೇಳಿದರು.

“ಅವರ ಸಿನಿಮಾ ಕಣೇ. ಅವರು ಕಟ್ಟಿದ ಹಾಗೇ ತೋರಿಸ್ತೀನಿ. ಏಳು ವರ್ಷ ಒಬ್ಬರ ಮನೆಯ ಅಡುಗೆಕೋಣೆ, ಬಚ್ಚಲು ಅದಲುಬದಲು ಮಾಡಿ ಇಟ್ಟಿದ್ದೀನಿ. ಮನೆ ಕಟ್ಟಿಸಿದೋರು ಬಂದಾಗಾದ್ರೂ ಸರಿ ಇರ್ಬೇಡ್ವಾ?”

“ಮನೇಲಿ ಬಾಡಿಗೆಗೆ ಇರೋರನ್ನೂ ಒಂದು ಮಾತು ಕೇಳ್ಬೇಕಿತ್ತು,” ಎಂದು ಅವರು ಅಂಚೆಚೀಟಿಗಳನ್ನು ಎಣಿಸಲು ಹೋದರು.

ಆ ಶನಿವಾರ ಕುರ್ಚಿ ಸಾಲದೆ ಜನ ಮೆಟ್ಟಿಲ ಮೇಲೆ ಕೂತಿದ್ದರು. ಮೂರನೇ ಸಾಲಿನಲ್ಲಿ, ಹಣೆಗೆ ಅಂಚೆಚೀಟಿ ಅಂಟಿಸಿಕೊಂಡು, ತೆಳ್ಳಗಿನ ನಿರ್ದೇಶಕರು ಮುದುಡಿ ಕೂತಿದ್ದರು. “ನಾವಿದ್ದೀವಿ” ಎಂದು ಹಾಲು ಮೊದಲ ಸಲ ಗುಡುಗಿದಾಗ ಅವರು ಬೆಚ್ಚಿ ಹಿಂತಿರುಗಿ ನೋಡಿದರು.

ಮೂರನೇ ರೀಲಿನ ಕೊನೆಗೆ ಪರದೆಯ ಮೂಲೆಯಲ್ಲಿ, ರೀಲು ಬದಲಿಸಲು ಸೂಚಿಸುವ ಚುಕ್ಕಿ ಮಿಂಚಿತು. ಆಪರೇಟರು ಎರಡನೇ ಮೆಷಿನ್ ಚಾಲೂ ಮಾಡಿ, ಮುಂದಿನ ಚುಕ್ಕಿಗೆ ಬೆಳಕು ಬದಲಿಸಿದರು. ಸರಿಯಾದ ನಾಲ್ಕನೇ ರೀಲು. ಕೆಳಗೆ ಜನ ಸಾವಿನ ರೀಲು ಬಂತೆಂದು ಟೊಪ್ಪಿಗೆ ಸರಿಮಾಡಿಕೊಂಡರು. ಅಂಚೆಯವ ಬಂಡೆಯ ಮೇಲೆ ಕೂತು ಫ್ಲಾಸ್ಕು ತೆಗೆದ.

ಟೊಪ್ಪಿಗೆಗಳು ತಲೆಯ ಮೇಲೇ ಉಳಿದವು. ಒಂದು ಕಾಗದವೂ ಹಾರಲಿಲ್ಲ. ಬದುಕಿರುವವನು ಕಾಫಿ ಕುಡಿದರೆ ಅದು ಬರೀ ಕಾಫಿ.

ಕತ್ತಲಲ್ಲಿ ನರ್ಸಿನ ದನಿ ಕೇಳಿತು: “ಆಪರೇಟರಣ್ಣಾ! ಇನ್ನೂ ಸತ್ತೇ ಇಲ್ಲ, ಆಗಲೇ ಕಾಫಿನಾ?”

“ನಿದ್ದೆ ಮಾಡ್ತಿದ್ದೀಯೇನಣ್ಣಾ?” ಬೇಕರಿಯವರಲ್ಲಿ ಒಬ್ಬ ಕೂಗಿದ. “ಏಳು ವರ್ಷದಲ್ಲಿ ಇದೇ ಮೊದಲ ತಪ್ಪು, ಬಿಟ್ಟಾಕ್ರೋ!” ಎಂದ ಇನ್ನೊಬ್ಬ.

ಆ ಮಾತು ಆಪರೇಟರನ್ನು ಇರಿಯಿತು. ಮೆಷಿನ್ ನಿಲ್ಲಿಸಿ, ಹಾಲಿನ ದೀಪ ಹಾಕಿ, ಮೆಟ್ಟಿಲಿಳಿದು ಪರದೆಯ ಮುಂದೆ ನಿಂತರು. ಅಲ್ಲಿ ಅವರು ಎಂದೂ ನಿಂತವರಲ್ಲ.

“ಇವತ್ತಿಂದು ತಪ್ಪಲ್ಲ,” ಎಂದರು. “ಇಷ್ಟು ವರ್ಷದ್ದು ತಪ್ಪು. ಸಾರ್ ಕಟ್ಟಿದ್ದು ಕಾಫಿ ಮೊದಲು, ಸಾವು ಆಮೇಲೆ. ನಾನು ಮೊದಲನೇ ರಾತ್ರಿ ರೀಲು ಅದಲುಬದಲು ಹಾಕ್ದೆ. ನೀವು ನಕ್ರಿ. ಆಮೇಲೆ ಹೇಳೋಕೆ ಬಾಯಿ ಬರ್ಲಿಲ್ಲ. ಪೇಪರಿನೋರು ಹೊಗಳಿದ್ದು ನನ್ನ ಗಲಿಬಿಲೀನ. ಸಾರ್, ಕ್ಷಮಿಸ್ಬೇಕು.”

ಎಲ್ಲರೂ ಮೂರನೇ ಸಾಲಿನತ್ತ ನೋಡಿದರು. ನಿರ್ದೇಶಕರು ಎದ್ದು ನಿಂತು, ನಾಲ್ಕೆಣಿಸುವಷ್ಟು ಹೊತ್ತು ಸುಮ್ಮನಿದ್ದರು.

“ಅಂದ್ರೆ ಅವನು ವಾಪಸ್ ಬರ್ತಾನೆ?” ಎಂದು ಕೇಳಿದರು.

“ಬರ್ತಾನೆ ಸಾರ್.”

“ಹೇಗೆ ಅಂತ ಯಾರೂ ಕೇಳಲ್ವಾ?”

“ಏಳು ವರ್ಷದಿಂದ ಅದನ್ನೇ ಜಗಳ ಆಡ್ತಿದ್ದೀವಿ ಸಾರ್!” ಡಾಕ್ಟರು ಹಿಂದಿನಿಂದ ಕೂಗಿದರು. “ನೀವು ಮಾತ್ರ ಉತ್ತರ ಹೇಳ್ಬೇಡಿ!”

ನಿರ್ದೇಶಕರು ನಕ್ಕುಬಿಟ್ಟರು. “ಜನ ಅಳ್ಲಿ ಅಂತ ಸಾವನ್ನ ಕೊನೇಲಿಟ್ಟಿದ್ದೆ. ಒಬ್ಬರೂ ಅಳ್ಲಿಲ್ಲ. ಹಾಕಿ, ನಿಮ್ಮ ಥರಾನೇ ಹಾಕಿ. ನಾನೂ ನೋಡ್ತೀನಿ.”

ಐದನೇ ರೀಲು ಪಕ್ಕದಲ್ಲೇ ತಯಾರಿತ್ತು. ಅದು ಓಡುವ ಇಪ್ಪತ್ತು ನಿಮಿಷದಲ್ಲಿ ಆಪರೇಟರು ನಾಲ್ಕನೆಯದನ್ನು ಹಿಂದಕ್ಕೆ ಸುತ್ತಿದರು. ಅಂಚೆಯವ ಯಾರೂ ಇಲ್ಲದ ಚಂದ್ರನಿಗೇ ಕಾಗದ ಓದಿಹೇಳಲು ಹೆಲ್ಮೆಟ್ ತೆಗೆದು ಸತ್ತ. ಟೊಪ್ಪಿಗೆಗಳು ಇಳಿದವು. ಚುಕ್ಕಿ ಬಂತು, ಬೆಳಕು ಬದಲಾಯಿತು, ಫ್ಲಾಸ್ಕಿನ ಮುಚ್ಚಳ ತಿರುಗಿತು. ನೂರಾರು ಕಾಗದಗಳು ಒಮ್ಮೆಗೇ ಮೇಲೆದ್ದು, ನೀಲಿಯಲ್ಲಿ ತೇಲಿ, ನಿಧಾನವಾಗಿ, ಗಾಳಿಯೇ ಇಲ್ಲದ ಲೋಕದಲ್ಲಿ ಇಳಿದಂತೆ ಇಳಿದವು. ಮೂರನೇ ಸಾಲಿನಲ್ಲಿ ಒಬ್ಬರು ಅಂಗೈಯಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಆ ಹಾಲಿನಲ್ಲಿ ಕೊನೆಗೂ ಒಬ್ಬರು ಅತ್ತಿದ್ದರು.

ಆಟ ಮುಗಿದು ಜನ ಚದುರಿದ ಮೇಲೆ ನಿರ್ದೇಶಕರು ಮೆಟ್ಟಿಲು ಹತ್ತಿ ಮೇಲಿನ ಕೋಣೆಗೆ ಬಂದರು. ಬಿಸಿಯಾರದ ಮೆಷಿನ್ನಿನ ಮೇಲೆ ಮೆಲ್ಲಗೆ ಕೈಯಿಟ್ಟರು.

“ಮುಂದಿನ ವಾರದಿಂದ ಇದೇ ನನ್ನ ಕ್ರಮ. ಯಾರಾದ್ರೂ ಕೇಳಿದ್ರೆ ನಾನೇ ಹೇಳಿದೆ ಅನ್ನಿ,” ಎಂದರು. ಆಮೇಲೆ ತಡೆಯಲಾಗದೆ ಕೇಳಿದರು: “ಮುನ್ನೂರೈವತ್ತು ಸಲ ಓಡಿಸಿದ್ದೀರಿ. ನಿಜ ಹೇಳಿ, ನಿಮಗೆ ಹೇಗನ್ಸುತ್ತೆ ನನ್ನ ಸಿನಿಮಾ?”

ಆಪರೇಟರು ಕೊನೆಯ ರೀಲನ್ನು ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತಿದರು.

“ಚೆನ್ನಾಗಿದೆ ಅಂತಾರೆ ಸಾರ್. ನಾನಿನ್ನೂ ಪೂರ್ತಿ ನೋಡಿಲ್ಲ, ರೀಲು ಬದಲಾಯಿಸೋ ಕೆಲಸ ಇರುತ್ತಲ್ಲ.”