ಕುಲ್ಸುಮಬಿಯವರ ಬೆರಳು

ರಾಣೇಬೆನ್ನೂರಿನಲ್ಲಿ ನನಗೆ ಬದುಕು ಉಳಿಸಿಕೊಟ್ಟವರು ಯಾರೆಂದು ಯಾರಾದರೂ ಕೇಳಿದರೆ, ಬ್ಲೌಸ್ ಹೊಲಿಯುವ ಕುಲ್ಸುಮಬಿ ಎನ್ನುತ್ತೇನೆ. ಕೇಳಿದವರು ನಗುತ್ತಾರೆ. ನಗಲಿ, ಅವರಿಗೇನು ಗೊತ್ತು!

ಮೇಡ್ಲೇರಿಯ ಹೆಣ್ಣುಮಗಳು ಆಕೆ. ಹತ್ತು ವರ್ಷದವರಿದ್ದಾಗಲೇ ಹತ್ತಿ ಹೊಲಕ್ಕೆ ಕ್ರಾಸಿಂಗ್ ಕೆಲಸಕ್ಕೆ ಹೋದವರು. ಸಂಜೆ ಮೊಗ್ಗಿನ ಎಸಳು, ಕೇಸರ ಬಿಡಿಸಿ ಮೇಲೆ ಚೀಲ ಮುಚ್ಚುವುದು, ಮರುದಿನ ಬೆಳಿಗ್ಗೆ ಗಂಡು ಹೂವಿನ ಪುಡಿ ಮುಟ್ಟಿಸುವುದು. ಹೊಸ ಬೀಜ ಹುಟ್ಟುವುದೇ ಹಾಗೆ. ಮದುವೆಯಾಗಿ ರಾಣೇಬೆನ್ನೂರಿಗೆ ಬಂದ ಮೇಲೆ, ದಾದಾಪೀರನ ವಿಡಿಯೋ ಸ್ಟುಡಿಯೋದ ಪಕ್ಕದ ಖೋಲಿಯಲ್ಲಿ ಹೊಲಿಗೆ ಮಷೀನ್ ಹಾಕಿದರು.

ನಾನು ಶಂಕ್ರಪ್ಪ, ಟಾಕೀಸಿನ ಜಾಹೀರಾತು ಸ್ಲೈಡ್ ಬರೆಯುತ್ತಿದ್ದವನು. ತೊಂಬತ್ತೆಂಟರ ಹೊತ್ತಿಗೆ ಸ್ಲೈಡ್ ಕೇಳುವವರೇ ಇರಲಿಲ್ಲ. ಹಾವೇರಿಯಲ್ಲಿ ಭಾವನ ಲಾರಿ ಆಫೀಸಿಗೆ ಗುಮಾಸ್ತನಾಗಿ ಹೋಗುವುದೆಂದು ಮನೆಯಲ್ಲಿ ಮಾತಾಗಿತ್ತು. ಆಗ ದಾದಾಪೀರನಿಗೆ ಬೀಜೋತ್ಪಾದಕರ ಸಂಘದಿಂದ ಒಂದು ಕೆಲಸ ಬಂತು. ಕ್ರಾಸಿಂಗ್ ಕಲಿಸುವ, ಕಾರ್ಟೂನಿನಂತೆ ಚಲಿಸುವ ಎರಡು ನಿಮಿಷದ ಚಿತ್ರ, ಇಪ್ಪತ್ತೈದು ದಿನದಲ್ಲಿ. ಚಿತ್ರ ಬರೆಯಲು ನನ್ನನ್ನು ಕರೆದ. ಇದೊಂದು ಗೆದ್ದರೆ ಕುಂಚ ಉಳಿಯುತ್ತದೆ, ಇಲ್ಲವಾದರೆ ಲಾರಿ ರಸೀದಿ ಬರೆಯುವುದು.

ದಾದಾಪೀರ ತನ್ನ ಹೊಸ ಕಂಪ್ಯೂಟರ್ ತಟ್ಟಿದ. "ತ್ರೀ-ಡಿ ಮಾಡೋಣ್ರಿ ಶಂಕ್ರಪ್ಪಣ್ಣ, ಎಲ್ಲಾರೂ ಬಾಯಿ ಬಿಟ್ಟು ನೋಡತಾರ."

ಎರಡು ದಿನ ಕೂತು ಅವನು ಕಟ್ಟಿದ ಕೈ ರಬ್ಬರಿನ ಗ್ಲೌಸಿನಂತಿತ್ತು. ಒಂದು ಚಿತ್ರ ಮೂಡಲು ಕಾಲು ತಾಸು. ಸೆಕೆಂಡಿಗೆ ಹನ್ನೆರಡು ಚಿತ್ರವೆಂದರೂ ಎರಡು ನಿಮಿಷಕ್ಕೆ ಸಾವಿರದ ನಾಲ್ಕುನೂರ ನಲವತ್ತು. ಹಗಲೂ ರಾತ್ರಿ ಓಡಿದರೂ ಹದಿನೈದು ದಿನ, ಅದೂ ಕರೆಂಟ್ ಹೋಗದಿದ್ದರೆ. ನಮ್ಮೂರಿನಲ್ಲಿ ಕರೆಂಟ್ ಹೋಗದಿರುವುದುಂಟೇ!

ಒಂದೊಂದೂ ಕೈಯಲ್ಲೇ ಬರೆಯುತ್ತೇನೆಂದು ನಾನು ಪಟ್ಟು ಹಿಡಿದೆ. ದಿನಕ್ಕೆ ಮೂವತ್ತರ ಮೇಲೆ ಆಗಲಿಲ್ಲ. ಆ ಲೆಕ್ಕದಲ್ಲಿ ನಲವತ್ತೆಂಟು ದಿನ ಬೇಕು. ರಟ್ಟಿನಲ್ಲಿ ಕೈಯ ತುಂಡುಗಳನ್ನು ಕತ್ತರಿಸಿ, ಜರುಗಿಸುತ್ತ ಚಿತ್ರ ಹಿಡಿಯೋಣವೆಂದು ದಾದಾಪೀರ ಅಂದಾಗ, ಅದು ಮಕ್ಕಳಾಟ ಎಂದು ಸಿಡುಕಿದೆ. ಸಿಡುಕಿದರೂ ಬೇರೆ ದಾರಿಯಿಲ್ಲದೆ ಅದನ್ನೇ ಮಾಡಿದೆ. ಬೆರಳು ಮಡಚಿದೊಡನೆ ಗಿಣ್ಣಿನಲ್ಲಿ ಬಿರುಕು ಬಿಟ್ಟು ಕೆಳಗಿನ ಟೇಬಲ್ ಕಾಣುತ್ತಿತ್ತು. ಹತ್ತು ದಿನ ಕಳೆದಿತ್ತು. ರಟ್ಟನ್ನು ಎತ್ತಿ ಒಗೆದೆ.

ಅದು ಹೋಗಿ ಬಿದ್ದದ್ದು ಬಾಗಿಲಲ್ಲಿ ನಿಂತಿದ್ದ ಕುಲ್ಸುಮಬಿಯವರ ಕಾಲ ಬಳಿ. ಕೊರಳಲ್ಲಿ ಅಳತೆಯ ಟೇಪು.

"ಗೆರೀ ಮ್ಯಾಲ ಕತ್ತರಿಸೀರಲ್ರಿ ಶಂಕ್ರಪ್ಪಣ್ಣ! ತೋಳು ಹಚ್ಚಾಕ ಒಳಗ ಮಾರ್ಜಿನ್ ಬಿಡಬೇಕೋ ಬ್ಯಾಡೋ?"

ಕೂತು, ಹೊಸ ರಟ್ಟು ತೆಗೆದುಕೊಂಡು ಕತ್ತರಿ ಹಿಡಿದರು. ಬೆರಳಿನ ಪ್ರತಿ ತುಂಡಿನ ತುದಿಯನ್ನೂ ದುಂಡಗೆ ಮಾಡಿ, ಒಂದರ ಕೆಳಗೆ ಇನ್ನೊಂದು ಸರಿಯುವಷ್ಟು ಹೆಚ್ಚಿಗೆ ಬಿಟ್ಟರು. ಆ ದುಂಡಿನ ನಟ್ಟನಡುವೆ ಸೂಜಿ ಚುಚ್ಚಿ ದಾರದ ಗಂಟು ಹಾಕಿದರು. ಬೆರಳು ಮಡಚಿತು. ಬಿರುಕಿಲ್ಲ.

"ಮೊಗ್ಗು ಬಿಡಿಸೋದಂದ್ರೂ ಒಂದೊಂದ ಪದರ ತಗಿಯೋದರಿ. ಹಂಗs ತುಂಡು ಮಾಡಿ ಒಂದರ ಮ್ಯಾಲ ಒಂದು ಇಡ್ರಿ," ಅಂದರು.

ಅವರ ಕೈಯನ್ನೇ ರಟ್ಟಿನ ಮೇಲಿಟ್ಟು ಗೆರೆ ಎಳೆದುಕೊಂಡೆ. ತೋರುಬೆರಳಿನ ತುದಿ ವಾರೆಯಾಗಿತ್ತು, ಹಾಗೆಯೇ ಬರೆದೆ. ಕ್ಯಾಮೆರಾವನ್ನು ಟೇಬಲ್ಲಿಗೆ ಮುಖ ಮಾಡಿ ಕಟ್ಟಿ, ತುಂಡುಗಳ ಮೇಲೆ ಗಾಜು ಒತ್ತಿ, ಒಂದೊಂದೇ ಚಿತ್ರ ಕಂಪ್ಯೂಟರಿಗೆ ಹಿಡಿದೆವು. ಎಷ್ಟು ಜರುಗಿಸಬೇಕೆಂದು ಹೇಳುತ್ತಿದ್ದವರು ಅವರೇ. ಎಸಳು ಸುರುಳಿಯಾಗುವುದು ಮಾತ್ರ ರಟ್ಟಿಗೆ ಬರಲಿಲ್ಲ. ಆ ಒಂದು ಸೆಕೆಂಡಿಗೆ ಹನ್ನೆರಡು ಚಿತ್ರ ನಾನೇ ಬರೆದೆ, ನನ್ನ ಜಂಬವೂ ಉಳಿಯಿತು. ಹದಿಮೂರು ದಿನದಲ್ಲಿ ಕೆಲಸ ಮುಗಿಯಿತು.

ಮೊದಲ ಪ್ರದರ್ಶನ ಮಧ್ಯಾಹ್ನ, ಮೇಡ್ಲೇರಿಯಲ್ಲಿ ಸಂಘದ ಗೋದಾಮಿನಲ್ಲಿ, ಕ್ರಾಸಿಂಗ್ ಕೆಲಸದ ಹೆಂಗಸರ ಮುಂದೆ ಒಂದು ಟಿವಿ ಇಟ್ಟು. ಮೊದಲಿಗೆ ಹೆಸರುಗಳು ಬಂದವು: ದಾದಾಪೀರ, ಶಂಕ್ರಪ್ಪ. ಅಷ್ಟೇ. ಅವರ ಹೆಸರು ಬಿಟ್ಟುಹೋಗಿದೆಯೆಂದು, ಹಿಂದೆ ಕೂತಿದ್ದ ಕುಲ್ಸುಮಬಿಯವರನ್ನು ಕಂಡಾಗಲೇ ನನಗೆ ಹೊಳೆದದ್ದು. ಮುಖ ಎತ್ತಲಾಗಲಿಲ್ಲ.

ಪರದೆಯಲ್ಲಿ ಕೈ ಬಂತು. ಮುಂದೆ ಕೂತಿದ್ದ ಭರಮವ್ವ ಎಂಬ ಮುದುಕಿ ದಡಕ್ಕನೆ ಎದ್ದಳು.

"ಅಯ್ಯ, ಇದು ನಮ್ಮ ಕುಲ್ಸುಮಾನ ಬೆರಳು! ಕುಡಗೋಲು ತಾಗಿದ್ದು ನಮ್ಮ ಹೊಲದಾಗs!"

ಹೆಂಗಸರೆಲ್ಲ ತಿರುಗಿ ನೋಡಿದರು. ಕುಲ್ಸುಮಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಲೇ ನಗುತ್ತಿದ್ದರು. ನಾನು ಹತ್ತಿರ ಹೋಗಿ, "ಅಕ್ಕಾರ, ನಿಮ್ಮ ಹೆಸರು ಬರೀಲಿಲ್ಲ, ತಪ್ಪಾತು," ಅಂದೆ.

"ಇರ್ಲಿ ಬಿಡ್ರಿ. ಇವರಿಗೆ ಓದಾಕ ಎಲ್ಲಿ ಬರತೈತಿ? ಗುರುತು ಹಿಡದ್ರಲ್ಲ," ಅಂದರು.

ಮರುದಿನ ಹೆಸರಿನ ಕಾರ್ಡ್ ಮತ್ತೆ ಬರೆದೆ. ಮೊದಲನೆಯ ಸಾಲಿಗೆ: ಕುಲ್ಸುಮಬಿ, ಮೇಡ್ಲೇರಿ. ಆ ಹಂಗಾಮಿನಲ್ಲೇ ಇನ್ನೆರಡು ಸಂಘದವರು ಕೆಲಸ ಕೊಟ್ಟರು. ಹಾವೇರಿಯ ಭಾವನಿಗೆ ಬರುವುದಿಲ್ಲವೆಂದು ಕಾಗದ ಹಾಕಿದೆ. ಈಗಲೂ ಕುಂಚ ಹಿಡಿದು ಉಣ್ಣುತ್ತಿದ್ದೇನೆ, ಅದು ಅವರ ಋಣ.